ಸರಪಳಿ ಅಳತೆಯೂ ಆಧಾರರೇಖೆಯ ಅಳತೆಯೂ: ದೇವಾಲಯಗಳ ತಳವಿನ್ಯಾಸ ನಕ್ಷೆಗಳನ್ನು ಕುರಿತ ಒಂದು ವಿಮರ್ಶೆ

ದೇವಾಲಯ ವಾಸ್ತುವನ್ನು ಕುರಿತ ಸಂಶೋಧನ ಪ್ರಬಂಧಗಳಲ್ಲಿ ತಳವಿನ್ಯಾಸದ ನಕ್ಷೆಯೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದರಲ್ಲಿ ಅಳತೆಗಳು ಮಿಲಿಮೀಟರಿನವರೆಗೆ ನಮೂದಾಗಿರುತ್ತವೆ. ಆ ಅಂಕಿಗಳನ್ನು ನಂಬಿ ಲೇಖಕನು ಶಿಲ್ಪಿಗಳು ಬಳಸಿದ ಹಸ್ತದ ಉದ್ದವನ್ನು ಹೇಳುತ್ತಾನೆ. ಎರಡು ಗುಡಿಗಳು ಬೇರೆ ಬೇರೆ ಮಾನದಂಡದಿಂದ ಹುಟ್ಟಿದುವೆಂದು ತೀರ್ಮಾನಿಸುತ್ತಾನೆ. ಶಾಸನವೊಂದರ ಪಾಠವನ್ನು ಕೊಡುವಾಗ ಸವೆದ ಅಕ್ಷರವಾವುದು, ಊಹಿಸಿ ತುಂಬಿದ ಅಕ್ಷರವಾವುದು ಎಂಬುದನ್ನು ಕಂಸಗಳಿಂದ ಬೇರ್ಪಡಿಸಿ ತೋರಿಸುವ ನಾವು, ನಕ್ಷೆಯ ಅಂಕಿಯನ್ನು ಮಾತ್ರ ಯಾವ ಪ್ರಶ್ನೆಯನ್ನೂ ಕೇಳದೆ ಒಪ್ಪಿಬಿಡುತ್ತೇವೆ. ಈ ಅಂಕಿಯನ್ನು ಯಾವ ಕ್ರಮದಿಂದ ಪಡೆಯಲಾಯಿತು, ಅದರಲ್ಲಿ ಎಷ್ಟು ದೋಷ ಅಡಗಿರಬಹುದು ಎಂಬುದನ್ನು ಇಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

ಅಳತೆಗಳನ್ನು ಬರೆಯುವ ಎರಡು ಕ್ರಮಗಳನ್ನು ಯಂತ್ರಶಿಲ್ಪದ ನಕ್ಷೆಗಾರರು ಸ್ಪಷ್ಟವಾಗಿ ಬೇರ್ಪಡಿಸಿದ್ದಾರೆ. ಲೋಹದ ಪಟ್ಟಿಯೊಂದರಲ್ಲಿ ಒಂದೇ ಸಾಲಿನಲ್ಲಿ ಆರು ರಂಧ್ರಗಳನ್ನು ಕೊರೆಯಬೇಕಾಗಿದೆ ಎಂದುಕೊಳ್ಳೋಣ. ಒಂದನೆಯದರಿಂದ ಎರಡನೆಯದಕ್ಕೆ ಇಷ್ಟು, ಎರಡನೆಯದರಿಂದ ಮೂರನೆಯದಕ್ಕೆ ಇಷ್ಟು ಎಂದು ಕೊಂಡಿಗೆ ಕೊಂಡಿ ಸೇರಿಸಿದಂತೆ ಬರೆಯುವುದು ಸರಪಳಿ ಕ್ರಮ. ಹಾಗಲ್ಲದೆ ಮೊದಲನೆಯ ರಂಧ್ರವನ್ನೇ ಆಧಾರವಾಗಿಟ್ಟುಕೊಂಡು ಉಳಿದ ಐದರ ದೂರವನ್ನೂ ಅಲ್ಲಿಂದಲೇ ಬರೆಯುವುದು ಆಧಾರರೇಖೆಯ ಕ್ರಮ. ಪ್ರತಿ ಅಳತೆಗೂ 0.1 ಮಿ.ಮೀ. ಹೆಚ್ಚು ಅಥವಾ ಕಡಮೆ ಇರಬಹುದೆಂಬ ಅನುಮತಿ, ಎಂದರೆ ಟಾಲರೆನ್ಸ್, ಇದ್ದರೆ ಸರಪಳಿ ಕ್ರಮದಲ್ಲಿ ಮೊದಲ ಮತ್ತು ಕೊನೆಯ ರಂಧ್ರಗಳ ನಡುವೆ ಐದು ಕೊಂಡಿಗಳ ಅನುಮತಿಯೂ ಕೂಡಿ 0.5 ಮಿ.ಮೀ. ಆಗುತ್ತದೆ. ಆಧಾರರೇಖೆಯ ಕ್ರಮದಲ್ಲಿ ಅದು 0.1 ಆಗಿಯೇ ನಿಲ್ಲುತ್ತದೆ. ಭಾರತೀಯ ಮಾನಕ ಬ್ಯೂರೋ ಶಾಲೆ ಕಾಲೇಜುಗಳಿಗಾಗಿ ಹೊರತಂದ ಎಸ್‌ಪಿ 46 ಎಂಬ ಕೈಪಿಡಿಯು, ಅನುಮತಿಗಳು ಹೀಗೆ ಕೂಡಿಕೊಳ್ಳುವುದರಿಂದ ವಸ್ತುವಿನ ಉಪಯೋಗಕ್ಕೆ ಬಾಧಕವಿಲ್ಲದ ಕಡೆ ಮಾತ್ರ ಸರಪಳಿ ಕ್ರಮವನ್ನು ಬಳಸಬೇಕೆಂದು ವಿಧಿಸುವುದು ಈ ಕಾರಣದಿಂದಲೇ.

ಇದನ್ನು ಓದಿದವರು ಆಧಾರರೇಖೆಯ ಕ್ರಮವೇ ಎಲ್ಲ ಕಡೆಯೂ ಮೇಲು, ಅದರಲ್ಲಿ ಸಂಚಿತ ದೋಷವೇ ಇಲ್ಲ ಎಂದು ಭಾವಿಸುವುದುಂಟು. ಈ ಭಾವನೆ ಅರ್ಧಸತ್ಯ. ಅದೇ ಪಟ್ಟಿಯ ಮೂರನೆಯ ಮತ್ತು ನಾಲ್ಕನೆಯ ರಂಧ್ರಗಳ ನಡುವಣ ದೂರವನ್ನು ಕೇಳಿದರೆ ಆಧಾರರೇಖೆಯ ನಕ್ಷೆಯು ನೇರವಾದ ಉತ್ತರವನ್ನು ಕೊಡುವುದಿಲ್ಲ. ಎರಡು ಅಳತೆಗಳನ್ನು ಕಳೆದು ಅದನ್ನು ಪಡೆಯಬೇಕು. ಅಳತೆಗಳನ್ನು ಕಳೆದರೂ ಅವುಗಳ ದೋಷಗಳು ಕಳೆಯುವುದಿಲ್ಲ, ಕೂಡುತ್ತವೆ; ಏಕೆಂದರೆ ಒಂದು ಹೆಚ್ಚಾಗಿಯೂ ಇನ್ನೊಂದು ಕಡಮೆಯಾಗಿಯೂ ಇರಬಹುದು. ಆದುದರಿಂದ ಅಲ್ಲಿ ದೋಷದ ಮಿತಿ 0.2. ಸರಪಳಿ ಕ್ರಮದಲ್ಲಾದರೋ ಅದು 0.1 ಮಾತ್ರ. ಎರಡು ಸ್ಥಾನಗಳ ನಡುವಣ ದೋಷವನ್ನು ಲೆಕ್ಕಮಾಡಬೇಕಾದರೆ, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ನಕ್ಷೆಯ ಎಷ್ಟು ಅಳತೆಗಳನ್ನು ದಾಟಬೇಕು ಎಂಬುದನ್ನು ಎಣಿಸಬೇಕು. ಸರಪಳಿಯಲ್ಲಿ ಅದು ನಡುವಣ ಕೊಂಡಿಗಳ ಸಂಖ್ಯೆ. ಆಧಾರರೇಖೆಯಲ್ಲಿ, ಸ್ಥಾನಗಳಲ್ಲೊಂದು ಸ್ವತಃ ಆಧಾರವಾಗಿದ್ದರೆ ಒಂದು, ಇಲ್ಲದಿದ್ದರೆ ಯಾವಾಗಲೂ ಎರಡು.

ಈ ಸೂತ್ರವನ್ನು ನಮ್ಮ ಕ್ಷೇತ್ರಕ್ಕೆ ತರುವ ಮೊದಲು ಒಂದು ಭೇದವನ್ನು ಗಮನಿಸಬೇಕು. ಕಾರ್ಖಾನೆಯ ನಕ್ಷೆ ಮುಂದೆ ಹುಟ್ಟಬೇಕಾದ ವಸ್ತುವಿಗೆ ಕೊಟ್ಟ ಆಜ್ಞೆ. ಗುಡಿಯ ನಕ್ಷೆ ಹಿಂದೆ ಹುಟ್ಟಿದ ವಸ್ತುವಿನ ಬಗ್ಗೆ ನುಡಿದ ಸಾಕ್ಷ್ಯ. ಮೊದಲನೆಯದರಲ್ಲಿ ದೋಷವೆಂದರೆ ಕೆಲಸಗಾರನಿಗೆ ಕೊಟ್ಟ ಸಲಿಗೆ, ಎರಡನೆಯದರಲ್ಲಿ ಅಳೆದವನ ಕೈ ಮತ್ತು ಕಣ್ಣಿನ ಮಿತಿ. ದೋಷವು ಕೂಡುವ ಬಗೆ ಮಾತ್ರ ಎರಡರಲ್ಲಿಯೂ ಒಂದೇ.

ಒಂಬತ್ತು ಕಂಬಗಳ, ಎಂದರೆ ಎಂಟು ಅಂಕಣಗಳ, ಸಾಲೊಂದನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಒಂದೊಂದು ಅಂಕಣವೂ ಸುಮಾರು 2.5 ಮೀಟರ್, ಸಾಲಿನ ಉದ್ದ ಸುಮಾರು 20 ಮೀಟರ್. ಕಂಬದ ಪೀಠದ ಅಂಚು ಸವೆದಿರುವುದರಿಂದ ಒಂದೊಂದು ಅಳತೆಯಲ್ಲಿಯೂ 5 ಮಿ.ಮೀ. ದೋಷ ಬರಬಹುದೆನ್ನೋಣ. ಅಂಕಣ ಅಂಕಣವಾಗಿ ಅಳೆದು ಕೂಡಿದರೆ ಒಟ್ಟು ಉದ್ದದಲ್ಲಿ ದೋಷದ ಮಿತಿ 40 ಮಿ.ಮೀ. ಎಲ್ಲ ದೋಷಗಳೂ ಒಂದೇ ದಿಕ್ಕಿಗೆ ಬೀಳುವುದು ಅಪರೂಪವೆಂಬುದು ನಿಜ. ಅವು ಒಂದನ್ನೊಂದು ಅವಲಂಬಿಸದೆ ಎರಡು ಕಡೆಗೂ ಬೀಳುವುವಾದರೆ ಎಂಟರಿಂದಲ್ಲ, ಎಂಟರ ವರ್ಗಮೂಲದಿಂದ ಗುಣಿಸಬೇಕು; ಆಗ ಸಂಭವನೀಯ ದೋಷ ಸುಮಾರು 14 ಮಿ.ಮೀ. ಆಗುತ್ತದೆ. ಮೊದಲ ಕಂಬದ ಬಳಿ ಟೇಪಿನ ಸೊನ್ನೆಯನ್ನು ಹಿಡಿದು, ಟೇಪನ್ನು ಕದಲಿಸದೆ ಒಂದೊಂದು ಕಂಬದ ಬಳಿಯೂ ಅಂಕಿಯನ್ನು ಓದುತ್ತ ಹೋದರೆ ಒಟ್ಟು ಉದ್ದದ ದೋಷ 5 ಮಿ.ಮೀ. ಅಷ್ಟೆ.

ಈಗ ಎರಡು ಪ್ರಶ್ನೆಗಳನ್ನು ಕೇಳೋಣ. ಮೊದಲನೆಯದು ಮಾನದಂಡದ ಪ್ರಶ್ನೆ. ಕಟ್ಟಡಗಳಿಂದ ಪ್ರಾಚೀನ ಮಾನಗಳನ್ನು ಕಂಡುಹಿಡಿಯುವ ಶಾಸ್ತ್ರಕ್ಕೆ ಫ್ಲಿಂಡರ್ಸ್ ಪೆಟ್ರಿಯು 1877ರಲ್ಲಿಯೇ ಒಂದು ಗ್ರಂಥವನ್ನು ಮೀಸಲಿಟ್ಟನು. ಅಂದಿನಿಂದ ಈ ಪ್ರಶ್ನೆ ಹಳೆಯದಾಗಿಲ್ಲ. ಒಂದು ಗುಡಿಯ ಸಾಲು 20,000 ಮಿ.ಮೀ., ಇನ್ನೊಂದರದು 20,030 ಮಿ.ಮೀ. ಎಂದು ನಕ್ಷೆಗಳು ಹೇಳುತ್ತವೆ ಎನ್ನೋಣ. ಎರಡೂ 44 ಹಸ್ತಗಳೆಂದು ಎಣಿಸಿದರೆ ಮೊದಲನೆಯದರ ಹಸ್ತ 454.5, ಎರಡನೆಯದರದು 455.2 ಮಿ.ಮೀ. ಇಷ್ಟರಿಂದ ಎರಡು ಬೇರೆ ಅಳತೆಕೋಲುಗಳಿದ್ದುವೆಂದು ಹೇಳಬಹುದೆ? ಸರಪಳಿ ಕ್ರಮದಲ್ಲಿ ಒಂದೊಂದು ನಕ್ಷೆಯಲ್ಲಿಯೂ 40 ಮಿ.ಮೀ. ಸಂದೇಹವಿರುವಾಗ 30 ಮಿ.ಮೀ. ಅಂತರಕ್ಕೆ ಬೆಲೆಯಿಲ್ಲ. ಇಂಥ ಸರಪಳಿಯಲ್ಲಿ ಸಾಲನ್ನೆಲ್ಲ ಅಳೆದುದರಿಂದ, ಮಿತಿಯ ಲೆಕ್ಕದಲ್ಲಿ, ಒಂದೇ ಅಂಕಣವನ್ನು ಅಳೆದುದಕ್ಕಿಂತ ಹೆಚ್ಚಿನ ಲಾಭವೂ ಇಲ್ಲ: ಉದ್ದ ಎಂಟರಷ್ಟಾದಂತೆ ದೋಷವೂ ಎಂಟರಷ್ಟಾಗಿದೆ. ಆಧಾರರೇಖೆಯ ಕ್ರಮದಲ್ಲಿ ಎರಡೂ ನಕ್ಷೆಗಳ ದೋಷ ಸೇರಿ 10 ಮಿ.ಮೀ. ಆಗುವುದರಿಂದ ಆ ಅಂತರವನ್ನು ವಿಚಾರಕ್ಕೆ ತೆಗೆದುಕೊಳ್ಳಬಹುದು.

ಎರಡನೆಯದು ಅಂಕಣದ ಪ್ರಶ್ನೆ. ನಡುವಣ ಅಂಕಣವನ್ನು ಶಿಲ್ಪಿಯು ಬೇಕೆಂದೇ ಪಕ್ಕದ ಅಂಕಣಕ್ಕಿಂತ 12 ಮಿ.ಮೀ. ಅಗಲಮಾಡಿದನೆಂದು ಒಬ್ಬರು ವಾದಿಸುತ್ತಾರೆ. ಇಲ್ಲಿ ಪಾತ್ರಗಳು ಅದಲುಬದಲಾಗುತ್ತವೆ. ಎರಡು ಅಂಕಣಗಳನ್ನೂ ನೇರವಾಗಿ ಅಳೆದಿದ್ದರೆ ಅವುಗಳ ಅಂತರದ ದೋಷಮಿತಿ 10 ಮಿ.ಮೀ.; ವಾದವು ಕಷ್ಟದಿಂದಾದರೂ ನಿಲ್ಲುತ್ತದೆ. ಮೊದಲ ಕಂಬದಿಂದ ಓದಿದ ಅಂಕಿಗಳನ್ನು ಕಳೆದು ಪಡೆದಿದ್ದರೆ ಒಂದೊಂದು ಅಂಕಣದಲ್ಲಿಯೂ 10, ಅಂತರದಲ್ಲಿ 20 ಮಿ.ಮೀ. ಸಂದೇಹ ಉಳಿಯುತ್ತದೆ, ವಾದವು ಬೀಳುತ್ತದೆ. ಒಂದೇ ಗುಡಿ, ಒಂದೇ ಟೇಪು, ಒಬ್ಬನೇ ಅಳತೆಗಾರ. ಆದರೂ ಕೇಳಿದ ಪ್ರಶ್ನೆಗೆ ತಕ್ಕಂತೆ ಒಳ್ಳೆಯ ಕ್ರಮ ಬೇರೆಯಾಗುತ್ತದೆ.

ಎರಡು ಕ್ರಮಗಳೂ ಒಂದೇ ಬಗೆಯ ತಪ್ಪನ್ನು ತೋರಿಸಿಕೊಡುವುದಿಲ್ಲ. ಟೇಪಿನ ತುದಿ 2 ಮಿ.ಮೀ. ಸವೆದಿದೆಯೆನ್ನೋಣ. ಅದನ್ನು ಅಂಕಣಕ್ಕೊಮ್ಮೆ ಹೊಸದಾಗಿ ಹಿಡಿಯುವವನ ಒಟ್ಟು ಮೊತ್ತದಲ್ಲಿ 16 ಮಿ.ಮೀ. ಹೆಚ್ಚಾಗಿ ಬರುತ್ತದೆ. ಈ ದೋಷಕ್ಕೆ ವರ್ಗಮೂಲದ ರಿಯಾಯಿತಿ ಇಲ್ಲ, ಏಕೆಂದರೆ ಅದು ಯಾವಾಗಲೂ ಒಂದೇ ದಿಕ್ಕಿನದು. ಆಧಾರರೇಖೆಯವನಿಗೆ ಒಟ್ಟಿನಲ್ಲಿ 2 ಮಿ.ಮೀ. ಮಾತ್ರ ಹೆಚ್ಚು, ಒಳಗಿನ ಅಂಕಣಗಳಲ್ಲಿ ಅದು ಕಳೆದೇ ಹೋಗುತ್ತದೆ. ಕಣ್ತಪ್ಪಿನಿಂದ ಒಂದು ಅಂಕಿಯನ್ನು 100 ಮಿ.ಮೀ. ಹೆಚ್ಚಾಗಿ ಓದಿದರೆ ಸರಪಳಿಯಲ್ಲಿ ಅಲ್ಲಿಂದ ಮುಂದಿನ ಕಂಬಗಳೆಲ್ಲ ಅಷ್ಟು ಜರುಗುತ್ತವೆ. ಆಧಾರರೇಖೆಯಲ್ಲಿ ಒಂದು ಅಂಕಣ 100 ಹಿಗ್ಗಿ ಮುಂದಿನದು ಅಷ್ಟೇ ಕುಗ್ಗುತ್ತದೆ. ಇಂಥ ಜೋಡಿಯನ್ನು ನಕ್ಷೆಯಲ್ಲಿ ಕಂಡರೆ ಶಿಲ್ಪಿಯ ಉದ್ದೇಶವನ್ನು ಹುಡುಕುವ ಮೊದಲು ಓದಿದವನ ತಪ್ಪನ್ನು ಶಂಕಿಸಬೇಕು. ಆದರೆ ಟೇಪೇ ಹಿಗ್ಗಿ ಸಾವಿರಕ್ಕೆ ಒಂದರಷ್ಟು ತಪ್ಪಿದ್ದರೆ 20 ಮೀಟರಿಗೆ 20 ಮಿ.ಮೀ. ದೋಷ ಎರಡು ಕ್ರಮಗಳಲ್ಲಿಯೂ ಸಮನಾಗಿ ಬರುತ್ತದೆ, ಎರಡೂ ಅದನ್ನು ಮರೆಮಾಡುತ್ತವೆ. ಮೇಲಿನ ಎರಡು ಗುಡಿಗಳನ್ನು ಬೇರೆ ಬೇರೆ ಟೇಪುಗಳಿಂದ ಅಳೆದಿದ್ದರೆ, 10 ಮಿ.ಮೀ. ದೋಷದೊಡನೆ ಈ 20 ಸೇರಿ ಆ 30 ಮಿ.ಮೀ. ಅಂತರವನ್ನು ಪೂರ್ತಿಯಾಗಿ ನುಂಗಿಬಿಡುತ್ತದೆ. ಟೇಪನ್ನು ಪರೀಕ್ಷಿತವಾದ ಇನ್ನೊಂದರೊಡನೆ ಹೋಲಿಸುವುದೇ ಇದಕ್ಕೆ ಪರಿಹಾರ.

ನಕ್ಷೆಯನ್ನು ನೋಡಿದ ಮಾತ್ರಕ್ಕೆ ಯಾವ ಕ್ರಮದಿಂದ ಅಳೆದರೆಂಬುದು ತಿಳಿಯುವುದೆ? ಇಲ್ಲಿಯೇ ನಮ್ಮ ಮುಖ್ಯ ಆಕ್ಷೇಪಣೆ ಇರುವುದು. ಹಲವು ನಕ್ಷೆಗಳಲ್ಲಿ ಎಂಟು ಅಂಕಣಗಳ ಅಳತೆಯೂ ಮೇಲೊಂದು ಒಟ್ಟು ಅಳತೆಯೂ ಇರುತ್ತವೆ. ಕೂಡಿನೋಡಿದರೆ ಮೊತ್ತವು ಒಂದು ಮಿಲಿಮೀಟರೂ ತಪ್ಪದೆ ಹೊಂದುತ್ತದೆ. ಓದುವವನು ಇದನ್ನು ನಿಖರತೆಯ ಗುರುತೆಂದು ಬಗೆಯುತ್ತಾನೆ. ಅದು ನಿಖರತೆಯ ಗುರುತಲ್ಲ. ಸವೆದ ಕಲ್ಲಿನ ಮೇಲೆ ಒಂಬತ್ತು ಬಾರಿ ಸ್ವತಂತ್ರವಾಗಿ ಟೇಪು ಹಿಡಿದವನಿಗೆ ಮೊತ್ತವು ಅಷ್ಟು ಸರಿಯಾಗಿ ಹೊಂದುವುದು ಅತಿ ವಿರಳ. 10, 15 ಮಿ.ಮೀ. ವ್ಯತ್ಯಾಸ ಬರುವುದೇ ಸಹಜ. ಸಾಲುಸಾಲಿಗೂ ಹೊಂದಿಕೊಂಡಿದ್ದರೆ ಒಟ್ಟು ಅಳತೆಯನ್ನು ಕೂಡಿ ಬರೆದಿದ್ದಾರೆ, ಇಲ್ಲವೆ ಅಂಕಣಗಳನ್ನು ಕಳೆದು ಬರೆದಿದ್ದಾರೆ. ಆ ಒಂಬತ್ತನೆಯ ಅಂಕಿ ಸಾಕ್ಷಿಯಲ್ಲ, ಉಳಿದ ಎಂಟರ ಪ್ರತಿಧ್ವನಿ. ಹಾಗಲ್ಲದೆ ವ್ಯತ್ಯಾಸವು 60 ಮಿ.ಮೀ. ಇದ್ದರೆ ನಮ್ಮ ಲೆಕ್ಕದ ಗರಿಷ್ಠ ಮಿತಿಯಾದ 45ನ್ನು ಮೀರಿತು. ಎಲ್ಲಿಯೋ ದೊಡ್ಡ ತಪ್ಪಾಗಿದೆ, ಮತ್ತೆ ಅಳೆಯಬೇಕು.

ಕಾರ್ಖಾನೆಯ ನಕ್ಷೆಯಲ್ಲಿ ಸರಪಳಿಯ ಎಲ್ಲ ಕೊಂಡಿಗಳನ್ನೂ ಒಟ್ಟು ಉದ್ದವನ್ನೂ ಒಟ್ಟಿಗೆ ಬರೆಯುವುದು ದೋಷ; ಎರಡು ಆಜ್ಞೆಗಳು ಒಂದಕ್ಕೊಂದು ವಿರೋಧವಾಗಬಹುದು. ಆದುದರಿಂದ ಅಲ್ಲಿ ಒಂದನ್ನು ಬಿಡುತ್ತಾರೆ, ಅಥವಾ ಕಂಸದಲ್ಲಿಟ್ಟು ಕೇವಲ ತಿಳಿವಳಿಕೆಗೆಂದು ಸೂಚಿಸುತ್ತಾರೆ. ಗುಡಿಯ ನಕ್ಷೆಯಲ್ಲಿ ಇದೇ ಹೆಚ್ಚಿನ ಅಂಕಿಯು ಗುಣವಾಗುತ್ತದೆ, ಏಕೆಂದರೆ ಎರಡು ಸಾಕ್ಷ್ಯಗಳ ನಡುವಣ ಅಲ್ಪ ವಿರೋಧವೇ ಅವುಗಳ ಯೋಗ್ಯತೆಯ ಅಳತೆ. ಅದನ್ನು ಅಳಿಸಿ ಮೊತ್ತವನ್ನು ಸರಿಹೊಂದಿಸುವುದು, ಶಾಸನದ ಎರಡು ಪಾಠಾಂತರಗಳಲ್ಲಿ ಒಂದನ್ನು ಸದ್ದಿಲ್ಲದೆ ತಿದ್ದಿದಂತೆ.

ಆದುದರಿಂದ ನಮ್ಮ ವಿದ್ಯಾರ್ಥಿಗಳಿಂದ ನಾವು ಅಪೇಕ್ಷಿಸುವುದು ಇಷ್ಟು. ಟೇಪನ್ನು ಕದಲಿಸದೆ ಓದಿದ ಅಂಕಿಗಳನ್ನು ಒಂದು ಸಾಲಿನಲ್ಲಿಯೂ ಅಂಕಣಗಳನ್ನು ನೇರವಾಗಿ ಅಳೆದ ಅಂಕಿಗಳನ್ನು ಇನ್ನೊಂದು ಸಾಲಿನಲ್ಲಿಯೂ ಕೊಡಲಿ. ಕಳೆದು ಅಥವಾ ಕೂಡಿ ಪಡೆದುದನ್ನು ಕಂಸದಲ್ಲಿಡಲಿ. ಎರಡು ಸಾಲುಗಳೂ ಎಲ್ಲೆಲ್ಲಿ ಎಷ್ಟೆಷ್ಟು ಹೊಂದಲಿಲ್ಲವೆಂಬುದನ್ನು ತಿದ್ದದೆ ಬರೆಯಲಿ. ಅಂಥ ನಕ್ಷೆಯಿಂದ ಹಸ್ತದ ಉದ್ದವನ್ನು ಹೇಳಲು ಮುಂದೆ ಬಂದವನು, ತನ್ನ ತೀರ್ಮಾನವನ್ನು ಯಾವ ಸಾಲಿನ ಮೇಲೆ ಕಟ್ಟುತ್ತಿದ್ದಾನೆಂಬುದನ್ನು ಮೊದಲು ಹೇಳಬೇಕಾಗುತ್ತದೆ.