ಎಣಿಕೆ ಎಲ್ಲಿಂದ ಶುರುವಾಗಬೇಕು

ದಹನ, ಸ್ಥಾನಪಲ್ಲಟ, ಪ್ರಕ್ಷೇಪನ ಮೂರೂ ಬೆರೆತಿರುವ ಅಭ್ಯಾಸ ಹಾಳೆಯಲ್ಲಿ ಸಮೀಕರಣ ಸರಿದೂಗಿಸುವ ಕೆಲಸ ಅಂಕಿಯಿಂದ ಆರಂಭವಾಗುವುದಿಲ್ಲ, ಕ್ರಿಯೆ ಯಾವ ಬಗೆಯದು ಎಂದು ಗುರುತಿಸುವುದರಿಂದ ಆರಂಭವಾಗುತ್ತದೆ. ಒಂದೇ ಬಗೆಯ ಹತ್ತು ಸಮೀಕರಣಗಳನ್ನು ಸಾಲಾಗಿ ಮಾಡುವವರಿಗೆ ಮೂರನೆಯದರ ಹೊತ್ತಿಗೆ ಕೈ ತಾನಾಗಿ ಓಡುತ್ತದೆ. ಬೆರೆಸಿದ ಹಾಳೆಯಲ್ಲಿ ಆ ಅನುಕೂಲ ಇಲ್ಲ. ಯಾವ ಧಾತುವನ್ನು ಮೊದಲು ಎಣಿಸಬೇಕು, ಯಾವುದನ್ನು ಕೊನೆಗೆ ಬಿಡಬೇಕು, ಯಾವ ಗುಂಪನ್ನು ಒಡೆಯಬಾರದು ಎಂಬುದು ಬಗೆಯಿಂದ ಬಗೆಗೆ ಬದಲಾಗುತ್ತದೆ. ನಿಯಮ ಮಾತ್ರ ಎಲ್ಲದಕ್ಕೂ ಒಂದೇ: ಬಾಣದ ಎಡಕ್ಕೆ ಎಷ್ಟು ಪರಮಾಣುಗಳಿವೆಯೋ ಬಲಕ್ಕೂ ಅಷ್ಟೇ ಇರಬೇಕು, ಬದಲಾಯಿಸಬಹುದಾದದ್ದು ಸೂತ್ರದ ಮುಂದಿನ ಅಂಕಿ ಮಾತ್ರ. ಸೂತ್ರದ ಒಳಗಿನ ಕೆಳ ಅಂಕಿಯನ್ನು ಮುಟ್ಟಿದರೆ ವಸ್ತುವೇ ಬೇರೆಯಾಗುತ್ತದೆ. H₂Oನಲ್ಲಿ ಆಕ್ಸಿಜನ್ ಸಾಲದೆಂದು H₂O₂ ಎಂದು ತಿದ್ದಿದವರು ನೀರನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡಿರುತ್ತಾರೆ.

ಇಂಥ ಹಾಳೆಗೆ ಬೇಕಾದ ಉದಾಹರಣೆಗಳು ಕೋಲಾರ ಜಿಲ್ಲೆಯಲ್ಲಿ ಧಾರಾಳವಾಗಿ ಸಿಗುತ್ತವೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಕಲ್ಲಿನ ಶಿಲ್ಪಕ್ಕೆ ಹೆಸರಾದ ಊರು. ಕಲ್ಲು ಕೆತ್ತುವ ಉಳಿಯ ಮೊನೆ ಸವೆಯುತ್ತದೆ, ಅದನ್ನು ಕಾಯಿಸಿ ತಟ್ಟಿ ಹದ ಮಾಡಲು ಇದ್ದಿಲಿನ ಕುಲುಮೆ ಬೇಕು. ಕುಲುಮೆಯ ಕ್ರಿಯೆ ದಹನಗಳಲ್ಲೆಲ್ಲ ಸರಳವಾದದ್ದು.

C + O₂ → CO₂

ಇಲ್ಲಿ ಸರಿದೂಗಿಸಲು ಏನೂ ಉಳಿದಿಲ್ಲ. ಆದರೆ ತಿದಿಯ ಗಾಳಿ ಸಾಲದೆ ಇದ್ದಿಲು ದಪ್ಪಗೆ ಪೇರಿಕೊಂಡಿದ್ದರೆ ಆಗುವ ಕ್ರಿಯೆ ಬೇರೆ.

2C + O₂ → 2CO

ಎರಡೂ ಸರಿದೂಗಿವೆ, ಎರಡೂ ನಿಜ. ಯಾವುದು ನಡೆಯುತ್ತದೆ ಎಂಬುದನ್ನು ಎಣಿಕೆ ಹೇಳುವುದಿಲ್ಲ, ಗಾಳಿಯ ಪ್ರಮಾಣ ಹೇಳುತ್ತದೆ. ಹಾಳೆಯಲ್ಲಿ ‘ಸಂಪೂರ್ಣ ದಹನ’ ಎಂದು ಬರೆದಿದೆಯೋ ಇಲ್ಲವೋ ಎಂದು ಮೊದಲು ನೋಡಬೇಕಾದದ್ದು ಈ ಕಾರಣಕ್ಕೆ.

ಇಂಧನದಲ್ಲಿ ಕಾರ್ಬನ್ನಿನ ಜೊತೆ ಹೈಡ್ರೋಜನ್ ಸೇರಿದಾಗ ಕ್ರಮ ಮುಖ್ಯವಾಗುತ್ತದೆ. ಅಡುಗೆಮನೆಯ ಸಿಲಿಂಡರಿನಲ್ಲಿ ಪ್ರೊಪೇನ್ ಮತ್ತು ಬ್ಯುಟೇನ್ ಇರುತ್ತವೆ. ಬ್ಯುಟೇನನ್ನೇ ತೆಗೆದುಕೊಂಡರೆ C₄H₁₀ ಮತ್ತು O₂ ಸೇರಿ CO₂ ಹಾಗೂ H₂O ಆಗಬೇಕು. ಕಾರ್ಬನ್ ಬಲಗಡೆ ಒಂದೇ ವಸ್ತುವಿನಲ್ಲಿದೆ, ಆದ್ದರಿಂದ ಅದು ಮೊದಲು: 4CO₂. ಹೈಡ್ರೋಜನ್ನೂ ಹಾಗೆಯೇ ಒಂದೇ ಕಡೆ ಇದೆ: 5H₂O. ಆಕ್ಸಿಜನ್ ಬಲಗಡೆ ಎರಡು ವಸ್ತುಗಳಲ್ಲಿ ಹಂಚಿಹೋಗಿದ್ದರೂ ಎಡಗಡೆ ತಾನೊಂದೇ ನಿಂತಿದೆ. ಅದರ ಮುಂದೆ ಯಾವ ಅಂಕಿ ಹಾಕಿದರೂ ಬೇರೆ ಯಾವ ಧಾತುವಿನ ಲೆಕ್ಕವೂ ಕದಲುವುದಿಲ್ಲ. ಹಾಗಾಗಿ ಅದನ್ನು ಕೊನೆಗೆ ಇಟ್ಟುಕೊಳ್ಳುವುದು ಜಾಣತನ. ಬಲಗಡೆ 8 ಮತ್ತು 5 ಸೇರಿ 13 ಆಕ್ಸಿಜನ್ ಪರಮಾಣುಗಳು, ಅಂದರೆ ಆರೂವರೆ O₂. ಅರ್ಧ ಅಣು ಬೇಡವೆಂದು ಇಡೀ ಸಾಲನ್ನು ಎರಡರಿಂದ ಗುಣಿಸಿದರೆ ಮುಗಿಯಿತು.

2C₄H₁₀ + 13O₂ → 8CO₂ + 10H₂O

ಹೈಡ್ರೋಜನ್ ಮತ್ತು ಕಾರ್ಬನ್ ಮಾತ್ರ ಇರುವ ಇಂಧನದಲ್ಲಿ ಹೈಡ್ರೋಜನ್ ಸಂಖ್ಯೆ ನಾಲ್ಕರಿಂದ ಭಾಗವಾದರೆ ಅರ್ಧ ಬರುವುದೇ ಇಲ್ಲ. ಗೋಬರ್ ಗ್ಯಾಸಿನ ಮೀಥೇನ್ CH₄, ಸಿಲಿಂಡರಿನ ಪ್ರೊಪೇನ್ C₃H₈ ಎರಡೂ ಒಂದೇ ಸುತ್ತಿಗೆ ಸರಿಹೋಗುತ್ತವೆ. ಬ್ಯುಟೇನಿನ ಹತ್ತು ನಾಲ್ಕರಿಂದ ಭಾಗವಾಗದು, ಅದಕ್ಕೇ ದ್ವಿಗುಣ ಬೇಕಾಯಿತು. ಎಥನಾಲಿನಂತೆ ಇಂಧನದ ಒಳಗೇ ಆಕ್ಸಿಜನ್ ಇದ್ದರೆ ಈ ಗುರುತು ನಡೆಯುವುದಿಲ್ಲ. C₂H₅OH ಉರಿದಾಗ ಬಲಗಡೆ 2CO₂ ಮತ್ತು 3H₂O, ಒಟ್ಟು ಏಳು ಆಕ್ಸಿಜನ್. ಅವಸರದಲ್ಲಿ ಮೂರೂವರೆ O₂ ಎಂದು ಬರೆಯುವವರು ಇಂಧನವೇ ತಂದಿರುವ ಒಂದು ಆಕ್ಸಿಜನ್ನನ್ನು ಕಳೆಯಲು ಮರೆತಿರುತ್ತಾರೆ. ಗಾಳಿಯಿಂದ ಬರಬೇಕಾದದ್ದು ಆರು ಪರಮಾಣು, ಅಂದರೆ 3O₂.

ಸ್ಥಾನಪಲ್ಲಟದಲ್ಲಿ ತೊಡಕು ಬೇರೆ ಜಾಗದಲ್ಲಿದೆ. ಒಂದು ಲೋಹ ದ್ರಾವಣಕ್ಕೆ ಇಳಿಯುತ್ತದೆ, ಇನ್ನೊಂದು ಹೊರಗೆ ಬರುತ್ತದೆ. ಪರಮಾಣುಗಳನ್ನಷ್ಟೇ ಎಣಿಸಿದವರಿಗೆ ಮೋಸವಾಗುವ ಜಾಗ ಇದು. ಬೆಳ್ಳಿಯ ದ್ರಾವಣದಲ್ಲಿ ತಾಮ್ರ ಹಾಕಿದ ಕ್ರಿಯೆಯನ್ನು ಅಯಾನುಗಳಲ್ಲಿ ಬರೆದರೆ Cu + Ag⁺ → Cu²⁺ + Ag ಎಂದು ಬರುತ್ತದೆ. ತಾಮ್ರ ಒಂದಕ್ಕೊಂದು, ಬೆಳ್ಳಿ ಒಂದಕ್ಕೊಂದು, ಎಲ್ಲ ಸರಿಯಾಗಿರುವಂತೆ ಕಾಣುತ್ತದೆ. ಆದರೆ ಎಡಗಡೆ ವಿದ್ಯುದಾವೇಶ ಒಂದು, ಬಲಗಡೆ ಎರಡು. ತಾಮ್ರದ ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ, ಬೆಳ್ಳಿಯ ಅಯಾನು ಪಡೆಯುವುದು ಒಂದನ್ನೇ. ಎರಡನೆಯದನ್ನು ಪಡೆಯಲು ಇನ್ನೊಂದು ಬೆಳ್ಳಿ ಬೇಕು.

Cu + 2AgNO₃ → Cu(NO₃)₂ + 2Ag

ಹೀಗೆ ಎಲೆಕ್ಟ್ರಾನು ಕೊಟ್ಟದ್ದೆಷ್ಟು, ಪಡೆದದ್ದೆಷ್ಟು ಎಂದು ಮೊದಲೇ ಕೇಳಿಕೊಂಡರೆ ಸ್ಥಾನಪಲ್ಲಟದ ಯಾವ ಲೆಕ್ಕವೂ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ.

ಈ ಬಗೆಯ ಅತ್ಯುತ್ತಮ ಉದಾಹರಣೆ ಕೋಲಾರದ ಚಿನ್ನದ ಗಣಿಯದು. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಇಲ್ಲಿಗೆ ಬಂದಿತು. ಗ್ಲಾಸ್ಗೋದಲ್ಲಿ ಮ್ಯಾಕ್ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಚಿನ್ನ ತೆಗೆಯುವ ಸಯನೈಡ್ ವಿಧಾನಕ್ಕೆ 1887ರಲ್ಲಿ ಪೇಟೆಂಟ್ ಪಡೆದರು. ಕೆಜಿಎಫ್‌ಗೂ ಆ ವಿಧಾನ ಬಂದಿತು. ಗಣಿ 2001ರಲ್ಲಿ ಮುಚ್ಚಿದರೂ ಊರ ಸುತ್ತ ಗುಡ್ಡಗಳಂತೆ ನಿಂತಿರುವ ಸಯನೈಡ್ ದಿಬ್ಬಗಳು ಆ ಕೆಲಸದಿಂದ ಉಳಿದ ಪುಡಿಮಣ್ಣು. ಅರೆದ ಅದಿರಿನ ಮೇಲೆ ತೆಳು ಸಯನೈಡ್ ದ್ರಾವಣ ಹಾಯಿಸಿ, ಗಾಳಿಯ ಆಕ್ಸಿಜನ್ ನೆರವಿನಿಂದ ಚಿನ್ನವನ್ನು Na[Au(CN)₂] ರೂಪದಲ್ಲಿ ಕರಗಿಸುವುದು ಮೊದಲ ಹಂತ. ಕರಗಿದ ಚಿನ್ನವನ್ನು ಸತುವಿನಿಂದ ಹೊರಗೆ ತರಿಸುವ ಮುಂದಿನ ಹಂತವೇ ಸ್ಥಾನಪಲ್ಲಟ.

Zn + Na[Au(CN)₂] → Na₂[Zn(CN)₄] + Au

ಹಾಳೆಯಲ್ಲಿ ಇದನ್ನು ಕಂಡರೆ ಹತ್ತನೇ ತರಗತಿಯ ವಿದ್ಯಾರ್ಥಿ ಬೆಚ್ಚಬೇಕಾಗಿಲ್ಲ. ಕಾರ್ಬನ್, ನೈಟ್ರೋಜನ್ ಎಂದು ಬಿಡಿಸಿ ಎಣಿಸದೆ CN ಅನ್ನು ಒಂದೇ ಗುಂಪಾಗಿ ಹಿಡಿಯಬೇಕು, ಏಕೆಂದರೆ ಎಡದಿಂದ ಬಲಕ್ಕೆ ಅದು ಎಲ್ಲೂ ಒಡೆದಿಲ್ಲ. ಬಲಗಡೆ ನಾಲ್ಕು CN, ಎಡಗಡೆ ಎರಡು. ಎಡಗಡೆಯ ಚಿನ್ನದ ಸಂಯುಕ್ತವನ್ನು ಎರಡು ಮಾಡಿದರೆ CN ನಾಲ್ಕಾಯಿತು, ಸೋಡಿಯಂ ಎರಡಾಗಿ ಬಲಗಡೆಗೆ ಸರಿಹೊಂದಿತು. ಚಿನ್ನ ಎಡಗಡೆ ಎರಡು, ಹಾಗಾಗಿ ಬಲಗಡೆ 2Au. ಎಲೆಕ್ಟ್ರಾನಿನ ಲೆಕ್ಕವೂ ಅದೇ ಉತ್ತರ ಕೊಡುತ್ತದೆ: ಸತು ಎರಡು ಕೊಡುತ್ತದೆ, ಇಲ್ಲಿಯ ಚಿನ್ನ ಒಂದೊಂದೇ ಪಡೆಯುತ್ತದೆ.

Zn + 2Na[Au(CN)₂] → Na₂[Zn(CN)₄] + 2Au

ಸಹಗುಣಕಗಳು ಬರಿಯ ಅಲಂಕಾರವಲ್ಲ ಎಂಬುದು ತೂಕ ಹಾಕಿದಾಗ ತಿಳಿಯುತ್ತದೆ. ಸತುವಿನ ಪರಮಾಣು ರಾಶಿ ಸುಮಾರು 65, ಚಿನ್ನದ್ದು 197. 65 ಗ್ರಾಂ ಸತು 394 ಗ್ರಾಂ ಚಿನ್ನವನ್ನು ಹೊರತರಬೇಕು, ಅಂದರೆ ಒಂದು ಗ್ರಾಂ ಸತುವಿಗೆ ಆರು ಗ್ರಾಂ ಚಿನ್ನ. ಆ 2 ಅನ್ನು ಬಿಟ್ಟವರಿಗೆ ಅರ್ಧ ಚಿನ್ನವೇ ಸಿಗುತ್ತದೆ, ಕಾಗದದ ಮೇಲೆ. ನಿಜವಾದ ತೊಟ್ಟಿಯಲ್ಲಿ ಸತು ಇದಕ್ಕಿಂತ ಬಹಳ ಹೆಚ್ಚು ಖರ್ಚಾಗುತ್ತದೆ. ದ್ರಾವಣದಲ್ಲಿ ಉಳಿದ ಆಕ್ಸಿಜನ್ನೂ ಸಯನೈಡೂ ಸತುವನ್ನು ಸುಮ್ಮನೆ ಕರಗಿಸುತ್ತವೆ. ಅದಕ್ಕಾಗಿಯೇ ನಂತರದ ದಿನಗಳಲ್ಲಿ ಸತು ಸೇರಿಸುವ ಮೊದಲು ದ್ರಾವಣದ ಗಾಳಿ ಹೀರಿ ತೆಗೆಯುವ ಪದ್ಧತಿ ಹಲವು ಕಡೆ ಬಂದಿತು.

ಸ್ಥಾನಪಲ್ಲಟದ ಇನ್ನೊಂದು ಬಲೆ ಉತ್ಪನ್ನದ ಸೂತ್ರ. ತಾಮ್ರದ ಸಲ್ಫೇಟಿನಲ್ಲಿ ಕಬ್ಬಿಣದ ಮೊಳೆ ಇಟ್ಟಾಗ 2Fe + 3CuSO₄ → Fe₂(SO₄)₃ + 3Cu ಎಂದು ಬರೆದರೆ ಪರಮಾಣುಗಳೂ ಸರಿ, ಆವೇಶವೂ ಸರಿ, ಆದರೂ ಸಮೀಕರಣ ತಪ್ಪು. ಅಲ್ಲಿ ಉಂಟಾಗುವುದು FeSO₄, ಎಲ್ಲ ಸಹಗುಣಕಗಳೂ ಒಂದೇ. ಹಾಗೆಯೇ Cu + FeSO₄ → CuSO₄ + Fe ಎಂಬುದು ಅಚ್ಚುಕಟ್ಟಾಗಿ ಸರಿದೂಗಿದೆ, ಆದರೆ ತಾಮ್ರ ಕಬ್ಬಿಣವನ್ನು ಹೊರದೂಡಲಾರದು. ಅಂಥ ಪ್ರಶ್ನೆಗೆ ‘ಕ್ರಿಯೆ ನಡೆಯುವುದಿಲ್ಲ’ ಎಂಬುದೇ ಪೂರ್ಣ ಉತ್ತರ. ಬೆರೆಸಿದ ಹಾಳೆ ತಯಾರಿಸುವ ಶಿಕ್ಷಕರು ಇಂಥ ಒಂದನ್ನಾದರೂ ಸೇರಿಸಿದರೆ, ಎಣಿಸುವವರು ಯಾರು, ಕ್ರಿಯೆಯನ್ನು ಅರಿತವರು ಯಾರು ಎಂಬುದು ಕೂಡಲೇ ಬೇರ್ಪಡುತ್ತದೆ.

ಪ್ರಕ್ಷೇಪನದಲ್ಲಿ ಎಲೆಕ್ಟ್ರಾನಿನ ಕೊಡುಕೊಳ್ಳುವಿಕೆ ಇಲ್ಲ. ಎರಡು ಲವಣಗಳ ಅಯಾನುಗಳು ಜೊತೆ ಬದಲಿಸುತ್ತವೆ, ಒಂದು ಜೋಡಿ ನೀರಿನಲ್ಲಿ ಕರಗದೆ ತಳಕ್ಕೆ ಕೂರುತ್ತದೆ. ಇಲ್ಲಿ ಎಣಿಕೆಗೆ ಮೊದಲು ಉತ್ಪನ್ನಗಳ ಸೂತ್ರಗಳನ್ನು ವೇಲೆನ್ಸಿಯಿಂದ ಸರಿಯಾಗಿ ಕಟ್ಟಬೇಕು. ಅದಾದ ಮೇಲೆ SO₄, OH, NO₃ಗಳನ್ನು ಒಡೆಯದೆ ಇಡಿಯಾಗಿ ಎಣಿಸಬೇಕು. ಕೋಲಾರ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನು ತಗ್ಗಿಸಲು ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ ಮತ್ತು ಸುಣ್ಣ ಬಳಸುತ್ತಾರೆ. ಅದರ ಮುಖ್ಯ ಕ್ರಿಯೆಯನ್ನು ಹಾಳೆಗೆ ತಕ್ಕಂತೆ ಸರಳಗೊಳಿಸಿದರೆ Al₂(SO₄)₃ ಮತ್ತು Ca(OH)₂ ಸೇರಿ Al(OH)₃ ಹಾಗೂ CaSO₄ ಆಗುತ್ತದೆ. ಅಲ್ಯೂಮಿನಿಯಂ ಎಡಗಡೆ ಎರಡಿರುವುದರಿಂದ ಬಲಗಡೆ 2Al(OH)₃. ಸಲ್ಫೇಟು ಮೂರು, ಹಾಗಾಗಿ 3CaSO₄. ಕ್ಯಾಲ್ಸಿಯಂ ಮೂರು, ಹಾಗಾಗಿ 3Ca(OH)₂. OH ಎರಡೂ ಕಡೆ ಆರು. ಅಲ್ಯೂಮಿನಿಯಮ್ಮಿನ ಮೂರು ಮತ್ತು ಕ್ಯಾಲ್ಸಿಯಮ್ಮಿನ ಎರಡರ ಲ.ಸಾ.ಅ. ಕೂಡ ಆರೇ, ಉತ್ತರ ತಾಳೆ ನೋಡಲು ಅಷ್ಟು ಸಾಕು.

Al₂(SO₄)₃ + 3Ca(OH)₂ → 2Al(OH)₃↓ + 3CaSO₄

ಬೆಳ್ಳಗೆ ಹಿಂಜಿದ ಹತ್ತಿಯಂತೆ ಕಾಣುವ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಫ್ಲೋರೈಡನ್ನು ಹಿಡಿದುಕೊಂಡು ಕೆಳಗಿಳಿಯುತ್ತದೆ.

ಫ್ಲೋರೈಡನ್ನು ಕ್ಯಾಲ್ಸಿಯಮ್ಮಿನಿಂದ ನೇರವಾಗಿ ಕೆಳಗಿಳಿಸುವ ಸಮೀಕರಣವೂ ಹಾಳೆಗಳಲ್ಲಿ ಸಿಗುತ್ತದೆ.

CaCl₂ + 2NaF → CaF₂↓ + 2NaCl

ಕಾಗದದ ಮೇಲೆ ಇದು ನಲ್ಗೊಂಡ ವಿಧಾನಕ್ಕಿಂತ ಅಚ್ಚುಕಟ್ಟು. ಆದರೆ CaF₂ ಪೂರ್ತಿ ಕರಗದ ವಸ್ತುವಲ್ಲ. ಶುದ್ಧ ನೀರಿನಲ್ಲಿ ಅದು ತನ್ನ ಮಟ್ಟಿಗೆ ಕರಗಿದಾಗಲೇ ಲೀಟರಿಗೆ ಸುಮಾರು 8 ಮಿಲಿಗ್ರಾಂ ಫ್ಲೋರೈಡ್ ನೀರಿನಲ್ಲಿ ಉಳಿಯುತ್ತದೆ. ಬೇರೆ ನೀರಿನ ಮೂಲವಿಲ್ಲದಾಗ ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಗರಿಷ್ಠ ಮಿತಿ 1.5 ಮಿಲಿಗ್ರಾಂ. ಸಮೀಕರಣದಲ್ಲಿ ಹೇಳಿದ ಪ್ರಮಾಣದಲ್ಲೇ ಕ್ಯಾಲ್ಸಿಯಂ ಬೆರೆಸಿದರೆ ಲೀಟರಿಗೆ ಮೂರು ನಾಲ್ಕು ಮಿಲಿಗ್ರಾಂ ಫ್ಲೋರೈಡ್ ಇರುವ ಬಾವಿ ನೀರಿನಲ್ಲಿ ತಳಕ್ಕೆ ಏನೂ ಕೂರುವುದಿಲ್ಲ. ಬಾಣದ ಬಲಕ್ಕೆ ಬರೆದ ಆ ↓ ಗುರುತು ಕ್ರಿಯೆ ಯಾವ ದಿಕ್ಕಿಗೆ ಹೋಗುತ್ತದೆ ಎಂದು ತಿಳಿಸುತ್ತದೆ, ಎಷ್ಟು ದೂರ ಹೋಗುತ್ತದೆ ಎಂದು ತಿಳಿಸಲು ಕರಗುವಿಕೆಯ ಕೋಷ್ಟಕವನ್ನೇ ತೆರೆಯಬೇಕು.