ಹಿಟ್ ಆದ ಖಾನೆಯಲ್ಲಿ ಏನಿದೆ?

ಆಪರೇಟಿಂಗ್ ಸಿಸ್ಟಮ್ಸ್ ಪೇಪರನ್ನು ಹೇಗಾದರೂ ದಾಟಬೇಕೆಂದು ಹೊರಟವರು ಮೊದಲು ಕೈಗೆತ್ತಿಕೊಳ್ಳುವುದು ಪೇಜ್ ರಿಪ್ಲೇಸ್‌ಮೆಂಟಿನ ಲೆಕ್ಕವನ್ನು. ಒಂದು ಸಾಲು ಅಂಕಿ ಕೊಟ್ಟಿರುತ್ತಾರೆ, ಮೂರೋ ನಾಲ್ಕೋ ಫ್ರೇಮ್ ಇವೆ ಎಂದಿರುತ್ತಾರೆ. ಫಿಫೋದಲ್ಲಿ ಎಷ್ಟು ಪೇಜ್ ಫಾಲ್ಟ್, ಎಲ್‌ಆರ್‌ಯುನಲ್ಲಿ ಎಷ್ಟು ಎಂದು ಕೇಳಿರುತ್ತಾರೆ. ಸ್ಕೇಲು ಇಟ್ಟು ಮನೆ ಎಳೆದು ತಾಳ್ಮೆಯಿಂದ ತುಂಬಿದರೆ ಅಂಕ ಬಂತೆಂದೇ ಲೆಕ್ಕ. ಪ್ರಶ್ನೆಪತ್ರಿಕೆ ತೆಗೆಯುವವರಿಗೂ ಇದು ಅನುಕೂಲ: ಅಂಕಿಗಳನ್ನು ಬದಲಾಯಿಸಿದರೆ ಹೊಸ ಪ್ರಶ್ನೆ ಸಿದ್ಧ. ಮೌಲ್ಯಮಾಪನಕ್ಕೆ ಕೂತವರಿಗೆ ಇನ್ನೂ ಅನುಕೂಲ, ಕೊನೆಯ ಸಂಖ್ಯೆ ಸರಿಯಿದ್ದರೆ ಮುಗಿಯಿತು. ಇಷ್ಟು ಜನರಿಗೆ ಸುಖ ಕೊಡುವ ಪ್ರಶ್ನೆಯನ್ನು ಕೆಟ್ಟದ್ದೆನ್ನಲು ನನಗೂ ಮನಸ್ಸಿಲ್ಲ. ಈ ಕೋಷ್ಟಕ ನಿಜಕ್ಕೂ ಒಳ್ಳೆಯದು. ಆದರೆ ಅದು ಏನನ್ನೋ ಹೇಳಲು ಬಾಯಿ ತೆರೆಯುವ ಹೊತ್ತಿಗೆ ಪ್ರಶ್ನೆ ಮುಗಿದುಹೋಗಿರುತ್ತದೆ ಎಂಬುದು ನನ್ನ ತಕರಾರು.

ಪಠ್ಯಪುಸ್ತಕಗಳಲ್ಲೂ ಪರೀಕ್ಷೆಗಳಲ್ಲೂ ಮತ್ತೆ ಮತ್ತೆ ಬರುವ ಒಂದು ಸರಣಿಯನ್ನೇ ನೋಡೋಣ: 1, 2, 3, 4, 1, 2, 5, 1, 2, 3, 4, 5. ಒಂದೊಂದು ಅಂಕಿಯೂ ಪ್ರೋಗ್ರಾಂ ಮುಟ್ಟಿದ ಒಂದು ಪುಟ. ಆ ಪುಟ ಮೆಮೊರಿಯ ಯಾವುದಾದರೂ ಫ್ರೇಮಿನಲ್ಲಿದ್ದರೆ ಹಿಟ್, ಇಲ್ಲದಿದ್ದರೆ ಫಾಲ್ಟ್. ಆಗ ಡಿಸ್ಕಿನಿಂದ ತರಬೇಕು, ಜಾಗವಿಲ್ಲದಿದ್ದರೆ ಒಳಗಿರುವ ಒಂದನ್ನು ಹೊರಗೆ ಹಾಕಬೇಕು. ಮೊದಲು ಬಂದದ್ದನ್ನು ಮೊದಲು ಹೊರಗೆ ಹಾಕುವುದು ಫಿಫೋ. ಬಹಳ ಹೊತ್ತಿನಿಂದ ಯಾರೂ ಮುಟ್ಟದೇ ಇರುವುದನ್ನು ಹಾಕುವುದು ಎಲ್‌ಆರ್‌ಯು. ಮೂರು ಫ್ರೇಮ್ ಇಟ್ಟುಕೊಂಡು ಫಿಫೋ ಮಾಡಿದರೆ ಉತ್ತರಪತ್ರಿಕೆಯಲ್ಲಿ ಮೂಡುವ ಚಿತ್ರ ಇದು. ಕೊನೆಯ ಸಾಲಿನ ನಕ್ಷತ್ರಗಳು ಫಾಲ್ಟ್‌ಗಳು.

```
1 2 3 4 1 2 5 1 2 3 4 5

1 1 1 4 4 4 5 5 5 5 5 5
  2 2 2 1 1 1 1 1 3 3 3
    3 3 3 2 2 2 2 2 4 4
* * * * * * *     * *
```

ಒಟ್ಟು 9 ಫಾಲ್ಟ್. ಈಗ ಯಂತ್ರಕ್ಕೆ ಇನ್ನೊಂದು ಫ್ರೇಮ್ ಸೇರಿಸಿ ಅದೇ ಸರಣಿಯನ್ನು ಓಡಿಸಿ. 1, 2, 3, 4 ಬಂದು ಕೂರುತ್ತವೆ, 1 ಮತ್ತು 2 ಹಿಟ್ ಆಗುತ್ತವೆ. ಆಮೇಲೆ 5 ಬಂದು 1ನ್ನು ಹೊರದಬ್ಬುತ್ತದೆ, ಕೂಡಲೇ 1 ಬೇಕಾಗಿ 2 ಹೋಗುತ್ತದೆ, ಕೂಡಲೇ 2 ಬೇಕಾಗಿ 3 ಹೋಗುತ್ತದೆ. ಯಾವುದು ಈಗಷ್ಟೇ ಹೋಯಿತೋ ಅದೇ ಮುಂದೆ ಬೇಕಾಗುತ್ತಾ ಕೊನೆಯವರೆಗೂ ಒಂದು ಹಿಟ್ ಇಲ್ಲ. ಲೆಕ್ಕ ಹಾಕಿದರೆ 10. ಮೆಮೊರಿ ಹೆಚ್ಚಿತು, ಫಾಲ್ಟೂ ಹೆಚ್ಚಿತು. ಐಬಿಎಂನ ಲಾಸ್ಲೊ ಬೆಲಾಡಿ ಇಬ್ಬರು ಸಹೋದ್ಯೋಗಿಗಳ ಜೊತೆ 1969ರಲ್ಲಿ ಪ್ರಕಟಿಸಿದ ವೈಚಿತ್ರ್ಯ ಇದು. ಬೆಲಾಡಿ ಅನಾಮಲಿ ಎಂದು ಎಲ್ಲರಿಗೂ ಬಾಯಿಪಾಠ.

ಬಾಯಿಪಾಠವೇ ತೊಂದರೆ. ‘ಫಿಫೋದಲ್ಲಿ ಬೆಲಾಡಿ ಅನಾಮಲಿ ಇದೆ, ಎಲ್‌ಆರ್‌ಯುನಲ್ಲಿ ಇಲ್ಲ’ ಎಂದು ಬರೆದವರಿಗೆ ಪೂರ್ತಿ ಅಂಕ ಸಿಗುತ್ತದೆ. ಏಕೆ ಇಲ್ಲ ಎಂಬುದು ಅವರೇ ಎಳೆದ ಮನೆಗಳಲ್ಲಿ ಕೂತಿರುತ್ತದೆ, ಅದನ್ನು ಯಾರೂ ಕೇಳುವುದಿಲ್ಲ. ಏಳನೆಯ ಹೆಜ್ಜೆ, ಅಂದರೆ 5 ಬಂದು ಕೂತ ಕ್ಷಣದಲ್ಲಿ ಎರಡೂ ಕೋಷ್ಟಕಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಫಿಫೋದ ಮೂರು ಫ್ರೇಮಿನಲ್ಲಿ 1, 2, 5 ಇವೆ. ನಾಲ್ಕು ಫ್ರೇಮಿನಲ್ಲಿ 2, 3, 4, 5 ಇವೆ. ಚಿಕ್ಕ ಮೆಮೊರಿಯಲ್ಲಿರುವ 1 ದೊಡ್ಡದರಲ್ಲಿ ಇಲ್ಲ, ಮುಂದೆ ಬೇಕಾಗಿರುವುದು ಅದೇ 1. ಎಲ್‌ಆರ್‌ಯುನಲ್ಲಿ ಅದೇ ಕ್ಷಣಕ್ಕೆ ಚಿಕ್ಕದರಲ್ಲಿ 1, 2, 5 ಇದ್ದರೆ ದೊಡ್ಡದರಲ್ಲಿ ಅವೇ ಮೂರರ ಜೊತೆ 4 ಇದೆ. ಇದು ಕಾಕತಾಳೀಯವಲ್ಲ. ಮೂರು ಫ್ರೇಮಿನ ಎಲ್‌ಆರ್‌ಯು ಯಾವಾಗಲೂ ಇಟ್ಟುಕೊಳ್ಳುವುದು ಇತ್ತೀಚೆಗೆ ಮುಟ್ಟಿದ ಮೂರು ಪುಟಗಳನ್ನು, ನಾಲ್ಕು ಫ್ರೇಮಿನದು ಇತ್ತೀಚಿನ ನಾಲ್ಕನ್ನು. ನಾಲ್ಕರೊಳಗೆ ಆ ಮೂರು ಇದ್ದೇ ಇರಬೇಕು. ಹಾಗಾಗಿ ದೊಡ್ಡದರಲ್ಲಿ ಫಾಲ್ಟ್ ಆದದ್ದು ಚಿಕ್ಕದರಲ್ಲಿ ಹಿಟ್ ಆಗಲು ದಾರಿಯೇ ಇಲ್ಲ. ಈ ಗುಣವುಳ್ಳ ವಿಧಾನಗಳನ್ನು ಸ್ಟ್ಯಾಕ್ ಅಲ್ಗಾರಿದಮ್ ಎಂದು ಕರೆದದ್ದು 1970ರಲ್ಲಿ, ಅದೂ ಐಬಿಎಂನವರೇ. ಏಳನೆಯ ಕಂಬಸಾಲನ್ನು ಹೋಲಿಸಿ ಎರಡು ವಾಕ್ಯ ಬರೆಯಿರಿ ಎಂದಿದ್ದರೆ ಇಡೀ ಸಾಧನೆಯೇ ವಿದ್ಯಾರ್ಥಿಯ ಕೈಯಿಂದ ಬರುತ್ತಿತ್ತು.

ಇದೇ ಸರಣಿ ಇನ್ನೊಂದು ನಂಬಿಕೆಯನ್ನೂ ಕೆಡವುತ್ತದೆ. ಎಲ್‌ಆರ್‌ಯುವನ್ನು ನಾಲ್ಕು ಫ್ರೇಮಿನಲ್ಲಿ ಓಡಿಸಿದರೆ 8 ಫಾಲ್ಟ್, ಫಿಫೋಗಿಂತ ಎರಡು ಕಡಿಮೆ. ಮೂರು ಫ್ರೇಮಿನಲ್ಲಿ ಓಡಿಸಿದರೆ? 10. ಫಿಫೋ 9ಕ್ಕೆ ಮುಗಿಸಿತ್ತು. ಹತ್ತನೆಯ ಹೆಜ್ಜೆಯಲ್ಲಿ 3 ಬಂದಾಗ ಫಿಫೋ ಹಳೆಯದೆಂದು 1ನ್ನು ಹಾಕಿತು, ಎಲ್‌ಆರ್‌ಯು ಯಾರೂ ಮುಟ್ಟಲಿಲ್ಲವೆಂದು 5ನ್ನು ಹಾಕಿತು; ಕೊನೆಗೆ ಬೇಕಾದದ್ದು 5. ಹಾಗೆಂದು ಫಿಫೋ ಮೇಲು ಎನ್ನಲಾಗದು, ಅದಕ್ಕೆ ಅದೃಷ್ಟ ಕುದುರಿತು ಅಷ್ಟೆ. ಆದರೆ ಹನ್ನೆರಡು ಅಂಕಿಯ ಒಂದು ಸರಣಿ ಹಿಡಿದು ‘ಆದ್ದರಿಂದ ಎಲ್‌ಆರ್‌ಯು ಉತ್ತಮ’ ಎಂದು ಕೊನೆಗೆ ಗೆರೆ ಎಳೆದು ಬರೆಯುತ್ತಾರಲ್ಲ, ಆ ‘ಆದ್ದರಿಂದ’ಕ್ಕೆ ಕೋಷ್ಟಕದಲ್ಲಿ ಆಧಾರವಿಲ್ಲ. ಎಲ್‌ಆರ್‌ಯು ಸಾಮಾನ್ಯವಾಗಿ ಗೆಲ್ಲುವುದಕ್ಕೆ ಕಾರಣ ನಿಜವಾದ ಪ್ರೋಗ್ರಾಂಗಳು ಈಗಷ್ಟೇ ಮುಟ್ಟಿದ್ದನ್ನೇ ಮತ್ತೆ ಮುಟ್ಟುತ್ತವೆ ಎಂಬುದು. ಮೇಷ್ಟ್ರು ಮನಸ್ಸಿಗೆ ಬಂದಂತೆ ಜೋಡಿಸಿದ ಅಂಕಿಗಳಿಗೆ ಅಂಥ ಅಭ್ಯಾಸ ಇರಬೇಕೆಂದೇನಿಲ್ಲ.

ಪತ್ರಿಕೆ ತಿದ್ದುವವರಿಗೆ ಗೊತ್ತಿರುವ ಒಂದು ತಪ್ಪಿದೆ. ಫಿಫೋ ಮಾಡುವಾಗ ಹಿಟ್ ಆದ ಪುಟವನ್ನು ಸಾಲಿನ ಹಿಂದಕ್ಕೆ ಕಳಿಸಿಬಿಡುವುದು. ಪಾಪ, ಸಹಜವೆಂದೇ ತೋರುತ್ತದೆ; ಈಗ ತಾನೇ ಬಳಸಿದೆವಲ್ಲ, ಅದು ಹೊಸದಾಗಲಿಲ್ಲವೇ? ನಾಲ್ಕು ಫ್ರೇಮಿನ ಫಿಫೋಗೆ ಉತ್ತರ 10ರ ಬದಲು 8 ಎಂದು ಬಂದಿದ್ದರೆ ಹೀಗಾಗಿದೆ ಎಂದು ಅನುಮಾನಿಸಬಹುದು. ಏಕೆಂದರೆ ಹಿಟ್ ಆದದ್ದನ್ನು ಹಿಂದಕ್ಕೆ ಕಳಿಸುವ ಫಿಫೋ ಎಂದರೆ ಅದೇ ಎಲ್‌ಆರ್‌ಯು. ಎರಡಕ್ಕೂ ಇರುವ ವ್ಯತ್ಯಾಸ ಅದೊಂದೇ: ಹಿಟ್ ಆದಾಗ ಫಿಫೋ ಏನನ್ನೂ ಬದಲಾಯಿಸುವುದಿಲ್ಲ, ಎಲ್‌ಆರ್‌ಯು ಸರದಿಯನ್ನು ತಿದ್ದುತ್ತದೆ.

ಪರೀಕ್ಷೆ ಪೂರ್ತಿಯಾಗಿ ಮುಚ್ಚಿಡುವ ಸಂಗತಿ ಇರುವುದು ಇಲ್ಲಿಯೇ. ಕೋಷ್ಟಕ ತುಂಬುವವರು ಸರಣಿಯ ಪ್ರತಿ ಅಂಕಿಯನ್ನೂ ನೋಡುತ್ತಾರೆ. ಕರ್ನಲ್ ನೋಡುವುದಿಲ್ಲ. ಪುಟ ಮೆಮೊರಿಯಲ್ಲಿದ್ದರೆ ವಿಳಾಸದ ಲೆಕ್ಕವನ್ನೆಲ್ಲ ಹಾರ್ಡ್‌ವೇರ್ ತಾನೇ ಮುಗಿಸುತ್ತದೆ, ಆಪರೇಟಿಂಗ್ ಸಿಸ್ಟಮ್ಮಿನ ಒಂದು ಸಾಲು ಕೋಡ್ ಕೂಡ ಓಡುವುದಿಲ್ಲ. ಕರ್ನಲ್‌ಗೆ ಕರೆ ಬರುವುದು ಫಾಲ್ಟ್ ಆದಾಗ ಮಾತ್ರ. ಲೈಬ್ರರಿಯನ್‌ಗೆ ಹೊಸ ಪುಸ್ತಕ ಬಂದ ದಿನಾಂಕ ರಿಜಿಸ್ಟರಿನಲ್ಲಿ ಸಿಗುತ್ತದೆ, ವಾಚನಾಲಯದಲ್ಲಿ ಯಾರು ಯಾವುದನ್ನು ತೆಗೆದು ಓದಿ ಮತ್ತೆ ಕಪಾಟಿಗಿಟ್ಟರು ಎಂಬುದು ಸಿಗುವುದಿಲ್ಲ, ಹಾಗೆ. ಫಿಫೋಗೆ ಆ ರಿಜಿಸ್ಟರ್ ಸಾಕು. ಎಲ್‌ಆರ್‌ಯುಗೆ ಬೇಕಾದ ಸುದ್ದಿಯೆಲ್ಲ ಕರ್ನಲ್ ಇಲ್ಲದ ಹೊತ್ತಿನಲ್ಲಿ ನಡೆದುಹೋಗಿರುತ್ತದೆ. ಪ್ರತಿ ಮೆಮೊರಿ ಮುಟ್ಟುವಿಕೆಗೂ ಹೊತ್ತು ಬರೆದಿಡಬೇಕೆಂದರೆ ಪ್ರೋಗ್ರಾಂ ಓಡುವುದಕ್ಕಿಂತ ಬರೆಯುವುದೇ ಹೆಚ್ಚಾದೀತು. ಹಾಗಾಗಿ ಪರೀಕ್ಷೆಯಲ್ಲಿ ಅಂಕ ತಂದುಕೊಡುವ ಅಚ್ಚುಕಟ್ಟಾದ ಎಲ್‌ಆರ್‌ಯು, ಮೆಮೊರಿ ಪುಟಗಳ ಮಟ್ಟಿಗೆ, ನಾವು ಬಳಸುವ ಆಪರೇಟಿಂಗ್ ಸಿಸ್ಟಮ್ಮುಗಳಲ್ಲಿ ಇಲ್ಲ.

ಇರುವುದು ಒಂದು ಬಿಟ್. ಇಂಟೆಲ್ ಮಾದರಿಯ ಪ್ರೊಸೆಸರುಗಳಲ್ಲಿ ಪುಟ ಮುಟ್ಟಿದಾಗ ಪೇಜ್ ಟೇಬಲಿನ ಒಂದು ಬಿಟ್ಟನ್ನು ಹಾರ್ಡ್‌ವೇರ್ 1 ಮಾಡುತ್ತದೆ. ಮುಟ್ಟಿದರೋ ಇಲ್ಲವೋ ಎಂಬುದಷ್ಟೇ ಅದಕ್ಕೆ ಗೊತ್ತು. ಯಾವಾಗ, ಎಷ್ಟು ಸಲ ಎಂಬುದು ಗೊತ್ತಿಲ್ಲ. ಅದನ್ನು ಮತ್ತೆ 0 ಮಾಡುವುದು ಕರ್ನಲ್ಲಿನ ಕೆಲಸ. 1960ರ ದಶಕದ ಕೊನೆಗೆ ಮಲ್ಟಿಕ್ಸ್ ಕಾಲದಲ್ಲಿ ಕೊರ್ಬಾಟೊ ವಿವರಿಸಿದ ಕ್ಲಾಕ್ ವಿಧಾನ ನಿಂತಿರುವುದು ಇಂಥ ಬಿಟ್ಟಿನ ಮೇಲೆಯೇ. ಫ್ರೇಮುಗಳನ್ನು ವೃತ್ತವಾಗಿ ಜೋಡಿಸಿ ಒಂದು ಮುಳ್ಳು ತಿರುಗಿಸುವುದು. ಮುಳ್ಳಿನ ಎದುರಿನ ಬಿಟ್ 1 ಇದ್ದರೆ 0 ಮಾಡಿ ಮುಂದೆ ಸಾಗುವುದು, 0 ಇದ್ದರೆ ಆ ಪುಟವನ್ನು ಹೊರಗೆ ಹಾಕುವುದು. ವ್ಯಾಕ್ಸ್ ಯಂತ್ರದಲ್ಲಿ ಆ ಬಿಟ್ ಕೂಡ ಇರಲಿಲ್ಲ. ಅದರ ವಿಎಂಎಸ್ ಸಿಸ್ಟಮ್ ಪರೀಕ್ಷೆಯಲ್ಲಿ ಸೋಲುವ ಅದೇ ಫಿಫೋವನ್ನೇ ಬಳಸಿತು, ಆದರೆ ಹೊರಬಿದ್ದ ಪುಟವನ್ನು ತಕ್ಷಣ ಅಳಿಸದೆ ಇನ್ನೊಂದು ಪಟ್ಟಿಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡಿತು. ಅಷ್ಟರಲ್ಲಿ ಯಾರಾದರೂ ಕೇಳಿದರೆ ಡಿಸ್ಕಿಗೆ ಹೋಗದೆ ವಾಪಸು ಕೊಡಬಹುದಿತ್ತು. ಫಿಫೋ ಎಂದರೆ ದಡ್ಡ ವಿಧಾನ ಎಂದು ನಗುವವರು ಈ ಜಾಣತನವನ್ನು ನೋಡಬೇಕು.

ಹಾಗಾದರೆ ಕ್ಲಾಕನ್ನು ನಮ್ಮ ಸರಣಿಯ ಮೇಲೆ ಓಡಿಸಿದರೆ ಏನಾಗುತ್ತದೆ? ಪುಸ್ತಕಗಳು ಅದನ್ನು ಎಲ್‌ಆರ್‌ಯುಗೆ ಹತ್ತಿರದ್ದು ಎಂದು ಪರಿಚಯಿಸುತ್ತವೆ. ನಾಲ್ಕು ಫ್ರೇಮಿನಲ್ಲಿ 1, 2, 3, 4 ಒಳಬರುವಾಗಲೇ, ಮುಟ್ಟಿದ್ದರಿಂದಲೇ ಬಂದವಾದ ಕಾರಣ, ನಾಲ್ಕರ ಬಿಟ್ಟೂ 1 ಆಗಿರುತ್ತದೆ. ಆಮೇಲೆ 1 ಮತ್ತು 2 ಹಿಟ್ ಆದಾಗ ಮೊದಲೇ 1 ಇದ್ದದ್ದು 1 ಆಗಿಯೇ ಉಳಿಯುತ್ತದೆ, ಆ ಹಿಟ್ಟಿನ ಗುರುತೇ ಸಿಗುವುದಿಲ್ಲ. 5 ಬಂದಾಗ ಮುಳ್ಳು ಒಂದು ಸುತ್ತು ಹೋಗಿ ಎಲ್ಲವನ್ನೂ 0 ಮಾಡಿ ಹೊರಟಲ್ಲಿಗೇ ಬಂದು 1ನ್ನು ಹೊರಗೆ ಹಾಕುತ್ತದೆ. ಕೊನೆಯವರೆಗೂ ನಡೆಸಿದರೆ 10 ಫಾಲ್ಟ್. ಮೂರು ಫ್ರೇಮಿನಲ್ಲಿ ಮಾಡಿದರೆ 9. ಫಿಫೋದ ಉತ್ತರವೇ, ಅನಾಮಲಿ ಸಮೇತ.

ಈ ಪ್ರಶ್ನೆಗೆ ನಾನು ಸೇರಿಸಬಯಸುವ ಉಪಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಅದಕ್ಕೆ ಹೊಸ ಸರಣಿ ಬೇಡ, ಅರ್ಧ ಪುಟಕ್ಕಿಂತ ಹೆಚ್ಚು ಜಾಗವೂ ಬೇಡ. ನಾಲ್ಕನೆಯ ಹೆಜ್ಜೆ ಮುಗಿದ ಮೇಲೆ ಟೈಮರ್ ಬಂದು ಕರ್ನಲ್ ಎಲ್ಲ ಬಿಟ್ಟುಗಳನ್ನೂ ಒಮ್ಮೆ 0 ಮಾಡಿತು ಎಂದಿಟ್ಟುಕೊಳ್ಳಿ; ನಾಲ್ಕು ಫ್ರೇಮಿನ ಕ್ಲಾಕನ್ನು ಅಲ್ಲಿಂದ ಮುಂದುವರಿಸಿ ಎಂದು ಕೇಳುವುದು. ಈಗ ಐದು, ಆರನೆಯ ಹೆಜ್ಜೆಯ ಹಿಟ್ಟುಗಳು 1 ಮತ್ತು 2ರ ಬಿಟ್ಟುಗಳನ್ನು ಮಾತ್ರ ಎಬ್ಬಿಸುತ್ತವೆ. 5 ಬಂದಾಗ ಮುಳ್ಳು ಅವೆರಡನ್ನೂ ದಾಟಿ 3ನ್ನು ಹೊರಗೆ ಹಾಕುತ್ತದೆ, ಎಲ್‌ಆರ್‌ಯು ಹಾಕುತ್ತಿದ್ದದ್ದೂ ಅದನ್ನೇ. 1, 2 ಎರಡೂ ಮತ್ತೆ ಹಿಟ್. ಆಮೇಲೆ 3 ಬಂದು 4 ಹೋಗುತ್ತದೆ. 4 ಬಂದಾಗ ಮತ್ತೆ ಎಲ್ಲ ಬಿಟ್ಟೂ 1 ಇರುವುದರಿಂದ ಮುಳ್ಳು ಒಂದು ಸುತ್ತು ಹೋಗಿ 1ನ್ನು ಹಾಕುತ್ತದೆ, ಕೊನೆಯ 5 ಹಿಟ್ ಆಗುತ್ತದೆ. ಒಟ್ಟು 7 ಫಾಲ್ಟ್. ಎಲ್‌ಆರ್‌ಯು 8 ಮಾಡಿತ್ತು. ಇದನ್ನು ನೋಡಿ ‘ಆದ್ದರಿಂದ ಕ್ಲಾಕ್ ಉತ್ತಮ’ ಎಂದು ಗೆರೆ ಎಳೆದವರಿಗೆ ಒಂದು ಅಂಕ ಕಡಿಮೆ ಕೊಡಬೇಕು.