ಕಡೇ ಮರದಿಂದ ಶುರುವಾಗಬೇಕಾದ ವಿಡಿಯೊ

ಡ್ರಿಪ್ ಅಳವಡಿಸುವುದು ಹೇಗೆ ಎಂದು ಹೇಳಿಕೊಡುವ ವಿಡಿಯೊಗಳನ್ನು ಕಳೆದ ಬೇಸಿಗೆಯಲ್ಲಿ ಸಾಕಷ್ಟು ನೋಡಿದೆ. ಎಲ್ಲದರ ಕಥೆಯೂ ಹೆಚ್ಚುಕಡಿಮೆ ಒಂದೇ. ಮೊದಲು ಆಕಾಶದಿಂದ ತೋಟ, ಆಮೇಲೆ ಪಂಪ್‌ಸೆಟ್, ಫಿಲ್ಟರ್, ಪೈಪು. ಕೊನೆಗೆ ಸಂಗೀತದ ಜೊತೆ ತೊಟ್ಟಿಕ್ಕುವ ಒಂದು ಹನಿ. ಆ ಹನಿ ಯಾವ ಮರದ ಬುಡದ್ದು ಎಂದು ಯಾರೂ ಹೇಳುವುದಿಲ್ಲ. ಬಹುಶಃ ಪಂಪಿಗೆ ಹತ್ತಿರದ್ದೇ ಇರಬೇಕು.

ಯಲ್ಲಾಪುರದ ನೆಂಟರೊಬ್ಬರಿಗಾಗಿ ಇಂಥದೊಂದು ವಿಡಿಯೊಕ್ಕೆ ನಾನೇ ಸ್ಕ್ರಿಪ್ಟ್ ಬರೆದಾಗಲೂ ಇದೇ ತಪ್ಪು ಮಾಡಿದ್ದೆ. ಸಿದ್ದಾಪುರದ ತೋಟವೊಂದರಲ್ಲಿ ಅದನ್ನು ಓದಿ ಹೇಳಿದೆ. ತೋಟದ ಹಿರಿಯರು ಪೂರ್ತಿ ಕೇಳಿ, "ತಮಾ, ನೀರು ಬಿಟ್ರೆ ಡ್ರಿಪ್ಪಲ್ಲಿ ಬತ್ತು, ಅದು ನಂಗೂ ಗೊತ್ತಿದ್ದು. ಬರದೇ ಹೋದ್ರೆ ಎಂತ ಮಾಡವು, ಅದ್ನ ಹೇಳು" ಅಂದರು. ಎಲ್ಲ ಸರಿಯಿದ್ದಾಗ ಮಾತ್ರ ಓಡುವ ಡೆಮೊ ಮಾಡುವುದು ನಮ್ಮ ಆಫೀಸಿನ ಚಟ. ಅದನ್ನೇ ತೋಟಕ್ಕೂ ತಂದಿದ್ದೆ.

ಎರಡನೇ ಸಲ ಸ್ಕ್ರಿಪ್ಟನ್ನು ಸಾಲಿನ ಕಡೇ ಮರದಿಂದ ಶುರು ಮಾಡಿದೆ. ಒಂದು ಕೈ ಬುಡದ ಸೊಪ್ಪನ್ನು ಸರಿಸುತ್ತದೆ, ಡ್ರಿಪ್ಪರ್ ಕಾಣುತ್ತದೆ. ಅದರ ಕೆಳಗೆ ಮಣ್ಣು ಸ್ವಲ್ಪ ತೆಗೆದು, ಔಷಧಿ ಅಳೆಯುವ ಪ್ಲಾಸ್ಟಿಕ್ ಲೋಟ ಇಡಬೇಕು. ಸರಿಯಾಗಿ ಮೂರು ನಿಮಿಷ. ಗಂಟೆಗೆ 4 ಲೀಟರ್ ಕೊಡುವ ಡ್ರಿಪ್ಪರ್ ಆದರೆ ಲೋಟದಲ್ಲಿ 200 ಮಿ.ಲೀ. ಇರಬೇಕು. ಮೊದಲ ಮರದಲ್ಲಿ ಅಷ್ಟೇ ಬಂದು ಕಡೇ ಮರದಲ್ಲಿ 90 ಬಂತು ಎಂದುಕೊಳ್ಳಿ. ಮರಕ್ಕೆ ಎರಡು ಡ್ರಿಪ್ಪರ್ ಹಾಕಿ ದಿನಾ ಎರಡು ತಾಸು ನೀರು ಬಿಟ್ಟರೆ ಮೊದಲಿನದಕ್ಕೆ 16 ಲೀಟರ್, ಕಡೆಯದಕ್ಕೆ ಏಳು ಚಿಲ್ಲರೆ. ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಬೇಕು ಅನ್ನುತ್ತಾರೆ. ಆದರೆ ಸೊಪ್ಪಿನಡಿಯ ಮಣ್ಣು ಎರಡೂ ಕಡೆ ಒದ್ದೆಯೇ ಇರುತ್ತದೆ. ಬರೀ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಹಾಗಾಗಿಯೇ ಲೋಟ ಬೇಕು. (ಇಳಿಜಾರಿನ ತೋಟದಲ್ಲಿ ತಗ್ಗಿನ ಮರಕ್ಕೇ ಹೆಚ್ಚು ನೀರು ಹೋಗುತ್ತದೆ. ಅಲ್ಲಿ ಅಳೆಯಬೇಕಾದ್ದು ಎತ್ತರದ ಮರ.)

ಮುಂದಿನ ದೃಶ್ಯಕ್ಕೆ ಸಂಗೀತ ಬೇಡವೇ ಬೇಡ. ಪೈಪಿನ ತುದಿಯನ್ನು ಮಡಚಿ ಸಿಕ್ಕಿಸಿದ ಎಂಟರ ಆಕಾರದ ಉಂಗುರ ತೆಗೆದಾಗ ಪುಸ್ಸೆಂದು ಕೆಂಪು ನೀರು ಹಾರುತ್ತದೆ. ನೀರು ತಿಳಿಯಾಗುವವರೆಗೂ ಕ್ಯಾಮೆರಾ ಅಲ್ಲೇ ಇರಬೇಕು, ಕತ್ತರಿಸಬಾರದು. ನಾನು ನೋಡಿದ ಒಂದು ವಿಡಿಯೊದಲ್ಲಿ "ಕಾಲಕಾಲಕ್ಕೆ ಪಾರ್ಶ್ವನಾಳಗಳನ್ನು ಶುಚಿಗೊಳಿಸತಕ್ಕದ್ದು" ಎಂಬ ಒಂದೇ ವಾಕ್ಯದಲ್ಲಿ ಇದು ಮುಗಿದುಹೋಗಿತ್ತು. ಕನ್ನಡವೇನೋ ಶುದ್ಧವಾಗಿದೆ, ಆದರೆ ಪಾರ್ಶ್ವನಾಳ ಅಂದರೆ ನಮ್ಮೂರಲ್ಲಿ ಡಾಕ್ಟರ ಹತ್ತಿರ ಓಡುತ್ತಾರೆ. "ಸಣ್ಣ ಪೈಪಿನ ತುದಿ ಬಿಚ್ಚಿ, ನೀರು ತಿಳಿಯಾದ ಮೇಲೆ ಕಟ್ಟಿ. ಒಂದೇ ಸಲಕ್ಕೆ ಎಲ್ಲಾ ಬಿಚ್ಚಬೇಡಿ, ಒತ್ತಡ ಸಾಕಾಗೂದಿಲ್ಲ, ಎರಡು ಮೂರು ಸಾಲು ಮುಗಿಸಿ ಮುಂದೆ ಹೋಗಿ" ಎಂದರೆ ಸಾಕು. ಆಮೇಲೆ ಮತ್ತೆ ಲೋಟ ಇಟ್ಟು ತೋರಿಸಬೇಕು. ಸಾಲಿನಲ್ಲಿ ಒಂದೇ ಡ್ರಿಪ್ಪರ್ ಕಡಿಮೆ ಕೊಟ್ಟರೆ ಕಟ್ಟಿರುವುದು ಅದೊಂದೇ. ಮುಂದೆ ಹೋದಹಾಗೆ ಎಲ್ಲವೂ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಾ ಬಂದರೆ ಒತ್ತಡ ಕಡಿಮೆ, ಇಲ್ಲವೇ ಸಾಲು ಉದ್ದ. ಆಗ ಡ್ರಿಪ್ಪರ್ ಎಷ್ಟು ತೊಳೆದರೂ ಪ್ರಯೋಜನವಿಲ್ಲ.

ಯಾರು ಮಾತಾಡಬೇಕು ಎನ್ನುವುದೂ ಸ್ಕ್ರಿಪ್ಟಿನದೇ ಪ್ರಶ್ನೆ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಶುರುವಾದ ಡಿಜಿಟಲ್ ಗ್ರೀನ್ ಯೋಜನೆ ರೈತರನ್ನೇ ಅವರವರ ಹೊಲದಲ್ಲಿ ನಿಲ್ಲಿಸಿ ಚಿತ್ರಿಸಿತು. ಹಳ್ಳಿಯಲ್ಲಿ ತೋರಿಸುವಾಗ ಸ್ಥಳೀಯರೊಬ್ಬರು ನಡುನಡುವೆ ವಿಡಿಯೊ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು. ಹಾಗಾಗಿ ಲೋಟ ನೋಡುವ ಮುಂಚೆ "ಎಷ್ಟು ಬಂದಿಕ್ಕು?" ಎಂದು ಕೇಳಿ, ಐದು ಸೆಕೆಂಡು ಸುಮ್ಮನಿರುವ ಜಾಗವನ್ನು ನಾನೂ ಬಿಟ್ಟಿದ್ದೇನೆ.

ಇನ್ನೊಂದು ತಕರಾರು ಆಸಿಡ್ ಬಗ್ಗೆ. ಡ್ರಿಪ್ಪರ್ ಕಟ್ಟಿದರೆ ಆಸಿಡ್ ಬಿಡಿ ಎನ್ನುವ ಭಾಗ ಬಯಲುಸೀಮೆಯ ಸುಣ್ಣದ ನೀರಿಗೆ ಬರೆದದ್ದು. ನಮ್ಮಲ್ಲಿ ಅನೇಕ ಬೋರುಗಳ ತೊಂದರೆ ಕಬ್ಬಿಣದ್ದು. ನೆಲದಿಂದ ಬರುವಾಗ ನೀರು ತಿಳಿಯಾಗಿಯೇ ಇರುತ್ತದೆ. ಕರಗಿದ ಕಬ್ಬಿಣ ಫಿಲ್ಟರಿಗೆ ಸಿಗದೆ ದಾಟಿ, ಗಾಳಿ ತಾಗಿದ ಮೇಲೆ ಡ್ರಿಪ್ಪರಿನ ಬಾಯಲ್ಲಿ ಕೆಸರಾಗುತ್ತದೆ. ಅದಕ್ಕೆ ನೀರನ್ನು ಮೊದಲು ತೊಟ್ಟಿಗೆ ಎತ್ತರದಿಂದ ಬೀಳಿಸಬೇಕು, ಕೆಂಪು ತಳಕ್ಕಿಳಿದ ಮೇಲೆ ತಳ ಬಿಟ್ಟು ಮೇಲಿನ ನೀರನ್ನು ಪೈಪಿಗೆ ಕೊಡಬೇಕು.

ಇದನ್ನು ಹೇಳಲು ನಾನು ಒಂದು ಪುಟ ಬರೆದಿದ್ದೆ, ಹರಿದುಹಾಕಿದೆ. ಈಗ ಎರಡೇ ಶಾಟ್. ಸಂಜೆ ಬೋರಿನ ನೀರು ತುಂಬಿದ ಗಾಜಿನ ಬಾಟಲಿಯನ್ನು ಜಗಲಿಯ ಮೇಲೆ ಇಡುವುದು. ಬೆಳಿಗ್ಗೆ ಅದೇ ಬಾಟಲಿ, ತಳದಲ್ಲಿ ಬೆರಳಗಲದ ಕೆಂಪು.